ಹಣ್ಣಾಗಲಿ ಎಂದು ಕಾದ ಕಣ್ಣು

(ಇದು ನನ್ನ ದವಾಖಾನೆಗೆ ಬರುವ ಒಂದು ಕುಟುಂಬದ ಕಥೆ. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.)

ಹಲೀಮಾಬಿ ದಾದಿ ನನ್ನ ದವಾಖಾನೆಗೆ ಮೊದಲ ಸಲ ಬಂದದ್ದು ಕಣ್ಣಿನ ಬೇನೆಗಲ್ಲ, ಮಂಡಿನೋವಿಗೆ. ಅವರ ಮನೆ ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಆ ಊರಿನ ಎಷ್ಟೋ ಮನೆಗಳ ಹೆಂಗಸರು ತೊಟ್ಟು ಬಿಡಿಸುವ ಕೆಲಸಕ್ಕೆ ಕೂಡುತ್ತಾರೆ. ದಾದಿಯೂ ನಲವತ್ತು ವರ್ಷ ಹಾಗೆಯೇ ಕೂತವರು. ಮಂಡಿಗೆ ಎಣ್ಣೆ ಬರೆದುಕೊಟ್ಟು ಚೀಟಿ ಮುಂದಿಟ್ಟಾಗ ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಸರಾಗವಾಗಿ ಓದಿದರು. ಆಮೇಲೆ ಹೆಮ್ಮೆಯಿಂದ ಹೇಳಿದರು, “ನೋಡ್ರಿ ಹಕೀಮ್ ಸಾಬ್, ಹದಿನೈದು ವರ್ಷ ಕನ್ನಡಕ ಇಲ್ಲದ ಸೂಜಿಗೆ ದಾರ ಪೋಣಿಸಾಕ ಆಗ್ತಿರಲಿಲ್ಲ. ಈ ವರ್ಷ ಕನ್ನಡಕ ತೆಗೆದಿಟ್ಟೀನಿ. ಕಣ್ಣು ತಿರುಗಿ ಬಂದಾವು. ಎಲ್ಲಾ ಜೇನುತುಪ್ಪದ ಬರ್ಕತ್ತು.”

ದಿನಾ ರಾತ್ರಿ ಕಣ್ಣಿಗೆ ಒಂದೊಂದು ಹನಿ ಜೇನು ಬಿಡುತ್ತಿದ್ದರಂತೆ. ಬೆಳಗ್ಗೆ ಸುರ್ಮಾ.

ನಾನು ಟಾರ್ಚ್ ಹಿಡಿದು ನೋಡಿದೆ. ಕಣ್ಣಿನ ಕಪ್ಪು ಗುಂಡಿಯ ಒಳಗೆ ತಿಳಿ ಚಹಾದ ಬಣ್ಣ ಇತ್ತು. ರಾತ್ರಿ ದೀಪ ನೋಡಿದರೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಎದುರಿನ ಗಾಡಿಯ ದೀಪ ಒಡೆದು ಚೂರುಚೂರಾಗಿ ಕಾಣುತ್ತದೆ, ಬೀದಿ ಆ ಕಡೆಯ ಮನುಷ್ಯರ ಗುರುತು ಸಿಗುವುದಿಲ್ಲ ಎಂದರು.

ಅವರ ಕಣ್ಣು ತಿರುಗಿ ಬಂದಿರಲಿಲ್ಲ. ಪೊರೆ ಶುರುವಾಗಿತ್ತು. ನಮ್ಮ ಕಣ್ಣಿನೊಳಗೆ ಇರುವ ಮಸೂರ, ಅಂದರೆ ಬೆಳಕನ್ನು ಒಂದೆಡೆ ಸೇರಿಸುವ ಪಾರದರ್ಶಕ ಗುಂಡಿ, ವಯಸ್ಸಾದಂತೆ ನಡುವಿನಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಸೂರ ಬೆಳಕನ್ನು ಹೆಚ್ಚು ಬಗ್ಗಿಸುತ್ತದೆ. ಆಗ ದೂರದ್ದು ಮಂಜಾಗಿ ಹತ್ತಿರದ್ದು ಸ್ವಲ್ಪ ದಿನ ಚೆನ್ನಾಗಿ ಕಾಣುತ್ತದೆ. ಅರವತ್ತು ದಾಟಿದವರು ಓದುವ ಕನ್ನಡಕ ಬೇಡವಾಯಿತು ಎಂದು ಖುಷಿಪಡುವುದು ಎಷ್ಟೋ ಸಲ ಪೊರೆಯ ಮೊದಲ ಗುರುತು. ಕೆಲವು ತಿಂಗಳೋ ಒಂದೆರಡು ವರ್ಷವೋ ಕಳೆದ ಮೇಲೆ ಆ ಹತ್ತಿರದ ದೃಷ್ಟಿಯೂ ಹೋಗುತ್ತದೆ.

ಇದನ್ನೆಲ್ಲ ಹೇಳಿ ಕಣ್ಣಿನ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟೆ. ದಾದಿ ಅದನ್ನು ನಾಲ್ಕು ಮಡಿಕೆ ಮಾಡಿ ಪಾನ್‌ದಾನಿನಲ್ಲಿ ಸುಣ್ಣದ ಡಬ್ಬಿಯ ಕೆಳಗೆ ಇಟ್ಟುಕೊಂಡರು. ಜೊತೆಗೆ ಬಂದಿದ್ದ ಮೊಮ್ಮಗಳು ಸಾನಿಯಾಗೆ ಆಗ ನಾಲ್ಕು ವರ್ಷ. ದಾದಿಯ ಸೆರಗು ಹಿಡಿದುಕೊಂಡು ನನ್ನ ಟಾರ್ಚನ್ನೇ ನೋಡುತ್ತಿದ್ದಳು.

“ಇನ್ನೂ ಹಣ್ಣಾಗಿಲ್ಲ”

ಎರಡು ವರ್ಷ ಬಿಟ್ಟು ದಾದಿ ಮತ್ತೆ ಬಂದಾಗ ಚೀಟಿ ನಾನು ಕೊಟ್ಟಲ್ಲೇ ಇತ್ತು. ಯಾಕೆ ಹೋಗಲಿಲ್ಲ ಎಂದರೆ, “ಹಣ್ಣಾಗಲಿ ಬಿಡ್ರಿ. ಕಾಯಿ ಇದ್ದಾಗ ತೆಗೀಬಾರದು ಅಂತ ನಮ್ಮ ಹಿರ್ಯಾರು ಹೇಳ್ಯಾರ” ಎಂದರು.

ಈ ಮಾತನ್ನು ಕೇಳಿದಾಗ ನನಗೆ ಸಂಕೋಚವಾಗುತ್ತದೆ. ಯಾಕೆಂದರೆ ಈ ನಂಬಿಕೆಯ ಒಂದು ಬೇರು ನಾವು ಯೂನಾನಿ ಕಾಲೇಜಿನಲ್ಲಿ ಓದಿದ ಹಳೆಯ ಗ್ರಂಥಗಳಲ್ಲೇ ಇದೆ. ನಮ್ಮ ಹಕೀಮರು ಈ ಬೇನೆಯನ್ನು ‘ನುಝೂಲುಲ್ ಮಾ’ ಎಂದು ಕರೆದರು. ನೀರು ಇಳಿಯುವುದು ಎಂದು ಅದರ ಅರ್ಥ. ಕಣ್ಣಿನೊಳಗೆ ಕೆಟ್ಟ ನೀರು ಇಳಿದು, ಹೆಪ್ಪುಗಟ್ಟಿ, ದೃಷ್ಟಿಗೆ ಅಡ್ಡ ನಿಲ್ಲುತ್ತದೆ ಎಂದು ಅವರು ತಿಳಿದಿದ್ದರು. ಅದಕ್ಕೆ ಅವರು ಮಾಡುತ್ತಿದ್ದ ಚಿಕಿತ್ಸೆ ‘ಕದ್ಹ್’. ಸೂಜಿ ಚುಚ್ಚಿ ಆ ಹೆಪ್ಪನ್ನು ಕಣ್ಣಿನ ತಳಕ್ಕೆ ತಳ್ಳುವುದು. ಹೆಪ್ಪು ಮೆತ್ತಗಿದ್ದರೆ ಸೂಜಿಗೆ ಸಿಗದೆ ಒಡೆದುಹೋಗುತ್ತಿತ್ತು, ಇಲ್ಲವೇ ಮತ್ತೆ ಮೇಲಕ್ಕೆ ಏಳುತ್ತಿತ್ತು. ಆದ್ದರಿಂದ ಗಟ್ಟಿಯಾಗುವವರೆಗೆ ಕಾಯಬೇಕೆಂದು ಹೇಳಿದರು. ಸುಮಾರು ಸಾವಿರ ವರ್ಷದ ಹಿಂದೆ ಮೋಸುಲ್‌ನಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ಕೆಲಸ ಮಾಡಿದ ಅಮ್ಮಾರ್ ಇಬ್ನ್ ಅಲಿ ಎಂಬ ಕಣ್ಣಿನ ವೈದ್ಯರು ಟೊಳ್ಳು ಸೂಜಿಯಿಂದ ಮೆತ್ತಗಿನ ಪೊರೆಯನ್ನು ಹೀರಿ ತೆಗೆಯುವ ದಾರಿ ಕಂಡುಕೊಂಡರು. ಕಾಯುವುದನ್ನು ತಪ್ಪಿಸಲು ಅಂದೇ ನಡೆದ ಪ್ರಯತ್ನ ಅದು. ಅವರವರ ಕಾಲದ ಉಪಕರಣಕ್ಕೆ ಅವರ ಮಾತು ಸರಿ ಇತ್ತು. ಉಪಕರಣ ಬದಲಾದ ಮೇಲೂ ಮಾತು ಮಾತ್ರ ನಮ್ಮ ಮನೆಗಳಲ್ಲಿ ಉಳಿದುಬಿಟ್ಟಿತು.

ಇನ್ನೊಂದು ಬೇರು ಅಷ್ಟು ಹಳೆಯದಲ್ಲ. ದಾದಿಯ ತಾಯಿಗೂ ಪೊರೆ ತೆಗೆಸಿದ್ದರು. ಆಗ ದಾದಿಗೆ ಇಪ್ಪತ್ತೋ ಇಪ್ಪತ್ತೆರಡೋ ವರ್ಷ. “ನಮ್ಮಮ್ಮನ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ರು. ತಲಿ ಅಲುಗಾಡಿಸಬ್ಯಾಡ ಅಂತ ಆ ಕಡೆ ಈ ಕಡೆ ಉಸುಕಿನ ಚೀಲ ಇಟ್ಟಿದ್ರು. ಆಮ್ಯಾಲೆ ಸೋಡಾಬುಡ್ಡಿ ಕನ್ನಡಕ. ಅದನ್ನ ಹಾಕ್ಕೊಂಡು ಕಟ್ಟಿ ಇಳಿಯಾಕ ಹೋಗಿ ಬಿದ್ದು ಸೊಂಟ ಮುರಕೊಂಡ್ರು. ನನಗ ಅದು ಬ್ಯಾಡ.”

ದಾದಿ ಹೇಳಿದ್ದು ಸುಳ್ಳಲ್ಲ. ಆ ಕಾಲದಲ್ಲಿ ಕಣ್ಣನ್ನು ಅಗಲವಾಗಿ ಕೊಯ್ದು ಇಡೀ ಮಸೂರವನ್ನು ಹೊರತೆಗೆಯುತ್ತಿದ್ದರು. ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಗಾಯಕ್ಕೆ ಹೊಲಿಗೆ, ದಿನಗಟ್ಟಲೆ ಅಲುಗಾಡದೆ ಮಲಗುವುದು, ಆಮೇಲೆ ಜೀವನಪೂರ್ತಿ ದಪ್ಪ ಗಾಜಿನ ಕನ್ನಡಕ. ಆ ಕನ್ನಡಕದಲ್ಲಿ ವಸ್ತುಗಳು ಇರುವುದಕ್ಕಿಂತ ಸುಮಾರು ಕಾಲುಭಾಗ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಮೆಟ್ಟಿಲು ಎಲ್ಲಿದೆ ಎಂಬ ಅಂದಾಜು ತಪ್ಪುತ್ತದೆ. ಹಾಗಾಗಿ ಪೂರ್ತಿ ಕಾಣದಂತೆ ಆಗುವವರೆಗೆ ಕಾಯಿರಿ ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಅರ್ಧ ಕಾಣುವ ಸ್ವಂತ ಕಣ್ಣು ಆ ಕನ್ನಡಕಕ್ಕಿಂತ ಮೇಲಾಗಿತ್ತು.

ಬದಲಾವಣೆಯ ಬೀಜ ಬಿದ್ದದ್ದು 1949ರಲ್ಲಿ. ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ಕಣ್ಣಿನ ಸರ್ಜನ್ ಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರನ್ನು ಪರೀಕ್ಷಿಸುವಾಗ ಒಂದು ಸಂಗತಿ ಗಮನಿಸಿದ್ದರು. ಒಡೆದ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಕಣ್ಣಿನೊಳಗೆ ಸಿಕ್ಕಿಕೊಂಡಿದ್ದರೂ ಕಣ್ಣು ಅವುಗಳನ್ನು ಸಹಿಸಿಕೊಂಡಿತ್ತು. ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಸಣ್ಣ ಮಸೂರ ಮಾಡಿಸಿ ಅವರು ಕಣ್ಣಿನೊಳಗೆ ಇಟ್ಟರು. ನಮ್ಮ ದೇಶದಲ್ಲಿ ಇದು ಸಾಮಾನ್ಯ ಜನರವರೆಗೆ ಬರಲು 1990ರ ದಶಕ ಆಯಿತು. ಇಂದು ಹಳೆಯ ಮಸೂರ ತೆಗೆದ ಜಾಗದಲ್ಲೇ ಹೊಸದನ್ನು ಕೂರಿಸುತ್ತಾರೆ. ಸೋಡಾಬುಡ್ಡಿ ಕನ್ನಡಕ ಬೇಕಿಲ್ಲ, ಆದ್ದರಿಂದ ಹಣ್ಣಾಗಲು ಕಾಯಬೇಕೆಂಬ ಕಾರಣವೂ ಉಳಿದಿಲ್ಲ. ಉಲ್ಟಾ, ಪೊರೆ ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ.

ಇದನ್ನೂ ದಾದಿಗೆ ಹೇಳಿದೆ. ಕರಗಿಸುವ ಔಷಧಿಯೇ ಇಲ್ಲವೇ, ನೀವು ಹಕೀಮರಲ್ಲವೇ ಎಂದು ಕೇಳಿದರು. “ದಾದಿ, ಮೊಟ್ಟೆ ಬೇಯಿಸಿದ ಮೇಲೆ ಅದರ ಬಿಳಿಯನ್ನು ಮತ್ತೆ ನೀರಿನಂತೆ ಮಾಡಲು ಬರುತ್ತದೆಯೇ? ಮಸೂರವೂ ಹಾಗೆಯೇ. ನನ್ನ ಔಷಧಿಯಲ್ಲೂ ಇಲ್ಲ, ಇಂಗ್ಲಿಷ್ ಔಷಧಿಯಲ್ಲೂ ಇಲ್ಲ. ಜೇನು ಕುಡಿಯಿರಿ, ಕಣ್ಣಿಗೆ ಬಿಡಬೇಡಿ. ಸುರ್ಮಾ ಬಿಡಿ, ಅಂಗಡಿಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ” ಎಂದೆ. ಎರಡನೇ ಚೀಟಿ ಬರೆದೆ. ಅದೂ ಪಾನ್‌ದಾನ್ ಸೇರಿತು.

ಮುಖ ಅಳಿಸಿಹೋದ ಬಗೆ

ಪೊರೆ ಮುಖಗಳನ್ನು ಒಂದೇ ಸಲ ಕಸಿದುಕೊಳ್ಳುವುದಿಲ್ಲ. ಮೊದಲು ದೂರದವರ ಮುಖ, ಆಮೇಲೆ ಬಾಗಿಲಲ್ಲಿ ನಿಂತವರದು. ಬೆಳಕು ಬೆನ್ನ ಹಿಂದೆ ಇದ್ದರೆ ಎದುರಿನವರು ಬರೀ ನೆರಳು. ದಾದಿ ಮನೆಯವರನ್ನು ಹೆಜ್ಜೆ ಸಪ್ಪಳದಿಂದ, ಕೆಮ್ಮಿನಿಂದ, ಅತ್ತರಿನ ವಾಸನೆಯಿಂದ ಗುರುತಿಸಲು ಕಲಿತುಬಿಟ್ಟರು. ಎಷ್ಟು ಚೆನ್ನಾಗಿ ಕಲಿತರೆಂದರೆ ಅವರಿಗೆ ಎಷ್ಟು ಕಡಿಮೆ ಕಾಣುತ್ತಿದೆ ಎಂಬುದು ಮಗ ಸೊಸೆಗೂ ತಿಳಿಯಲಿಲ್ಲ.

ತಿಳಿದದ್ದು ಸಾನಿಯಾಗೆ. ಒಂದು ದಿನ ಶಾಲೆಯಿಂದ ಬಂದವಳು ಮಾತಾಡದೆ ದಾದಿಯ ಎದುರು ನಿಂತಳು. ದಾದಿ ತಲೆ ಎತ್ತಿ, “ಯಾರವ್ವ, ಪಕ್ಕದ ಮನಿಯವಳೇನು? ಕೂಡು ಬಾ” ಎಂದರು. ಹುಡುಗಿ ತಮಾಷೆಗೆ ಮಾಡಿದ್ದು, ಆದರೆ ಅಳುತ್ತಾ ಒಳಗೆ ಓಡಿದಳು. ಆ ದಿನದಿಂದ ಅವಳು ಮನೆಗೆ ಬಂದ ಕೂಡಲೇ ದೂರದಿಂದಲೇ “ದಾದಿ, ನಾನು” ಎಂದು ಕೂಗುವುದು ರೂಢಿಯಾಯಿತು. ದಾದಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳಾಡಿಸಿ ನೋಡುತ್ತಿದ್ದರು. ಅವರ ನೆನಪಿನಲ್ಲಿ ಇದ್ದದ್ದು ನಾಲ್ಕು ವರ್ಷದ ಮಗುವಿನ ದುಂಡು ಮುಖ. ಬೆರಳಿಗೆ ಸಿಗುತ್ತಿದ್ದುದು ಎಂಟು ವರ್ಷದ ಹುಡುಗಿಯ ಮುಖ.

ಆ ವರ್ಷ ಅವರು ಮೂರನೇ ಸಲ ಬಂದಾಗ ಟಾರ್ಚ್ ಬಿಟ್ಟೆ. ಎಡಗಣ್ಣಿನ ಗುಂಡಿ ಕಂದು ಬಣ್ಣ. ಬಲಗಣ್ಣಿನದು ಮುತ್ತಿನಂತೆ ಪೂರ್ತಿ ಬಿಳಿ. “ಈಗ ಹಣ್ಣಾಗೇತೇನ್ರಿ?” ಎಂದು ಕೇಳಿದರು. “ಹಣ್ಣಾಗಿ ಕೊಳೆಯುವ ಹೊತ್ತು ಬಂದಿದೆ” ಎಂದೆ. “ಹಂಗಾದ್ರ ಈ ಸುಗ್ಗಿ ಮುಗೀಲಿ, ರಮಝಾನ್ ಮುಗೀಲಿ” ಎಂದರು. ಮೂರನೇ ಚೀಟಿ ಕೊಟ್ಟು ಕಳಿಸಿದೆ.

ನನ್ನ ತಪ್ಪು ಇಲ್ಲಿದೆ. ಅವರ ಮಗನಿಗೆ ನಾನು ಫೋನ್ ಮಾಡಬೇಕಿತ್ತು. ಪೂರ್ತಿ ಬೆಳ್ಳಗಾದ ಪೊರೆ ಸುಮ್ಮನೆ ಕೂತಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಚೀಟಿ ಬರೆದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಖಾರದ ಕೈ ಎಂದುಕೊಂಡ ನಾಲ್ಕು ದಿನ

ಫೆಬ್ರವರಿಯಲ್ಲಿ ಒಂದು ರಾತ್ರಿ ದಾದಿಯ ಬಲಗಣ್ಣು ಕೆಂಪಾಗಿ ನೋವು ಶುರುವಾಯಿತು. ಮನೆ ತುಂಬ ಮೆಣಸಿನಕಾಯಿ ಚೀಲ. ಖಾರದ ಕೈ ತಾಗಿರಬೇಕು ಎಂದು ತಣ್ಣೀರಿನಿಂದ ತೊಳೆದರು, ಗುಲಾಬ್ ಜಲ್ ಬಿಟ್ಟರು. ಮರುದಿನ ನೋವು ಹಣೆಗೆ, ತಲೆಯ ಬಲಭಾಗಕ್ಕೆ ಹಬ್ಬಿತು. ಎರಡು ಸಲ ವಾಂತಿ. ಪಿತ್ತ ಏರಿದೆ ಎಂದು ಲಿಂಬೆ ಶರಬತ್ ಕೊಟ್ಟರು, ತಲೆನೋವಿನ ಗುಳಿಗೆ ನುಂಗಿಸಿದರು. ಹೀಗೆ ನಾಲ್ಕು ದಿನ ಕಳೆದವು. ನಾಲ್ಕನೇ ದಿನ ಸಂಜೆ ಮಗ ನನ್ನನ್ನು ಮನೆಗೆ ಕರೆದ.

ದಾದಿ ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದರು. ಬಲಗಣ್ಣಿನ ಕರಿಗುಡ್ಡೆ ಉಸಿರು ಬಿಟ್ಟ ಗಾಜಿನಂತೆ ಮಸುಕಾಗಿತ್ತು. ಬೆಳಕು ಬಿಟ್ಟರೆ ಪಾಪೆ ಚಿಕ್ಕದಾಗಬೇಕು, ಅದು ಅರ್ಧ ತೆರೆದು ಹಾಗೇ ನಿಂತಿತ್ತು. ಕೆಳಗೆ ನೋಡಿ ಎಂದು ಹೇಳಿ, ಎರಡೂ ಕಣ್ಣಿನ ಮೇಲ್ರೆಪ್ಪೆಗಳ ಮೇಲೆ ತೋರುಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದೆ. ಎಡಗಣ್ಣು ದ್ರಾಕ್ಷಿ ಹಣ್ಣಿನಂತೆ ಮೆತ್ತಗಿತ್ತು. ಬಲಗಣ್ಣು ಆಟದ ಗೋಲಿಯಂತೆ ಗಟ್ಟಿ.

ಖಾರ ತಾಗಿದ ಕಣ್ಣು ಉರಿಯುತ್ತದೆ, ನೀರು ಸುರಿಸುತ್ತದೆ, ಚೆನ್ನಾಗಿ ತೊಳೆದರೆ ಕೆಲವು ಗಂಟೆಗಳಲ್ಲಿ ತಣ್ಣಗಾಗುತ್ತದೆ. ಒಂದೇ ಕಣ್ಣು ಕೆಂಪಾಗಿ, ನೋವು ತಲೆಗೆ ಏರಿ, ವಾಂತಿ ಬಂದು, ದೃಷ್ಟಿ ಇನ್ನಷ್ಟು ಇಳಿದರೆ ಅದು ಖಾರವಲ್ಲ. ಕಣ್ಣಿನೊಳಗೆ ಒತ್ತಡ ಏರಿದೆ ಎಂದು ಅರ್ಥ. ಹಣ್ಣಾಗುತ್ತಿರುವ ಪೊರೆ ನೀರು ಹೀರಿಕೊಂಡು ನೆನೆದ ಕಡಲೆಯಂತೆ ಉಬ್ಬುತ್ತದೆ. ಉಬ್ಬಿದ ಮಸೂರ ಮುಂದಕ್ಕೆ ತಳ್ಳಿ, ಕಣ್ಣಿನೊಳಗಿನ ನೀರು ಹೊರಗೆ ಹರಿದುಹೋಗುವ ಕಿರುಗಾಲುವೆಯನ್ನು ಮುಚ್ಚಿಬಿಡುತ್ತದೆ. ನೀರು ಒಳಗೇ ತುಂಬುತ್ತದೆ, ಒತ್ತಡ ಏರುತ್ತದೆ, ಹಿಂದಿರುವ ದೃಷ್ಟಿನರ ಸಾಯತೊಡಗುತ್ತದೆ. ನಮ್ಮವರು ‘ಕಾಲಾ ಮೋತಿಯಾ’ ಎನ್ನುವುದು ಇದೇ ಒತ್ತಡದ ಬೇನೆಗೆ. ಸಾದಾ ಮೋತಿಯಾ ಕದ್ದ ದೃಷ್ಟಿಯನ್ನು ಆಪರೇಷನ್ ಮರಳಿ ತರುತ್ತದೆ. ಕಾಲಾ ಮೋತಿಯಾ ಕೊಂದ ನರವನ್ನು ಯಾರೂ ಬದುಕಿಸಲಾರರು. ಇಲ್ಲಿ ಗಂಟೆಗಳ ಲೆಕ್ಕ ಇರುತ್ತದೆ, ನಾವು ನಾಲ್ಕು ದಿನ ಕಳೆದಿದ್ದೆವು.

ನಾನು ಯಾವ ಔಷಧಿಯನ್ನೂ ಕೊಡಲಿಲ್ಲ. ಕಾರು ಮಾಡಿಸಿ ಅದೇ ರಾತ್ರಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು.

ಒಂದು ಕಣ್ಣಿನ ಲೆಕ್ಕ

ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕು. ದಾದಿಯ ಬಲಗಣ್ಣಿನಲ್ಲಿ 54 ಇತ್ತು. ರಕ್ತನಾಳದ ಮೂಲಕ ಡ್ರಿಪ್ ಕೊಟ್ಟು, ಹನಿ ಹಾಕಿ ಒತ್ತಡ ಇಳಿಸಿದರು. ಆಮೇಲೆ ಡಾಕ್ಟರಮ್ಮ ಎಡಗಣ್ಣನ್ನು ಪೂರ್ತಿ ಮುಚ್ಚಿ, ಬಲಗಣ್ಣಿಗೆ ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕಗಳಿಂದ ಬೆಳಕು ಹಿಡಿದು ಎಲ್ಲಿಂದ ಬರುತ್ತಿದೆ ಹೇಳಿ ಎಂದರು. ಪೊರೆ ಎಷ್ಟೇ ದಪ್ಪ ಇರಲಿ, ಹಿಂದಿನ ನರ ಬದುಕಿದ್ದರೆ ಬೆಳಕು ಯಾವ ದಿಕ್ಕಿನಿಂದ ಬರುತ್ತದೆ ಎಂದು ರೋಗಿಗೆ ತಿಳಿಯುತ್ತದೆ. ಒಂದು ಕಣ್ಣು ಮುಚ್ಚಿ ಇನ್ನೊಂದರ ಪಾಪೆ ಅಗಲವಾಗುವುದೇ ಎಂದು ನೋಡಿ ಆಪರೇಷನ್ನಿನಿಂದ ಪ್ರಯೋಜನ ಉಂಟೇ ಇಲ್ಲವೇ ಎಂದು ಹಳೆಯ ಹಕೀಮರು ನಿರ್ಧರಿಸುತ್ತಿದ್ದರು. ಪ್ರಶ್ನೆ ಅದೇ, ಕೇಳುವ ಬಗೆ ಬೇರೆ.

ದಾದಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಬೆಳಕು ಹಚ್ಚೀರೇನವ್ವ?” ಎಂದು ಕೇಳಿದರು.

ಬೆಳಕು ಹಚ್ಚಿಯೇ ಇತ್ತು. ಮಗ ಕೋಣೆಯಿಂದ ಹೊರಗೆ ಹೋದ.

ನೋವು ನಿಲ್ಲಲಿ ಎಂದು ಆ ವಾರವೇ ಬಲಗಣ್ಣಿನ ಉಬ್ಬಿದ ಮಸೂರವನ್ನು ತೆಗೆದರು. ನೋವು ನಿಂತಿತು, ದೃಷ್ಟಿ ಬರಲಿಲ್ಲ. ಉಳಿದದ್ದು ಎಡಗಣ್ಣು ಒಂದೇ. ಅದಕ್ಕೆ ಬೆಳಕಿನ ಪರೀಕ್ಷೆ ಮಾಡಿದಾಗ ನಾಲ್ಕೂ ದಿಕ್ಕುಗಳನ್ನು ದಾದಿ ಸರಿಯಾಗಿ ಹೇಳಿದರು. ಒಂದು ಮೀಟರ್ ದೂರದಿಂದ ಬೆರಳುಗಳನ್ನು ಎಣಿಸಿದರು.

ಎಡಗಣ್ಣಿನ ಆಪರೇಷನ್ನಿಗೆ ಮೂರು ವಾರ ಬಿಟ್ಟು ದಿನ ಕೊಟ್ಟರು. ಈ ಮೂರು ವಾರ ಸುಮ್ಮನೆ ಹೋಗಲಿಲ್ಲ. ದಾದಿಯ ಸಕ್ಕರೆ ಊಟದ ಮೊದಲೇ 260 ಇತ್ತು. ಸಕ್ಕರೆ ಏರಿದ್ದರೆ ಆಪರೇಷನ್ ಆದ ಕಣ್ಣಿಗೆ ಸೋಂಕು ತಗಲುವ ಭಯ ಹೆಚ್ಚು, ಅದನ್ನು ಇಳಿಸಿದರು. ಕಣ್ಣೀರಿನ ನಾಳಕ್ಕೆ ನೀರು ಬಿಟ್ಟು ಅಲ್ಲಿ ಕೀವು ಇಲ್ಲವೆಂದು ನೋಡಿದರು. ಪೊರೆಯ ಹಿಂದೆ ಏನೂ ಕಾಣದ ಕಾರಣ ಸ್ಕ್ಯಾನ್ ಮಾಡಿ ಪರದೆ ಜಾಗದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡರು. ಕಣ್ಣಿನ ಉದ್ದ ಅಳೆದು ಯಾವ ನಂಬರಿನ ಮಸೂರ ಹಾಕಬೇಕೆಂದು ಲೆಕ್ಕ ಹಾಕಿದರು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ, ಚಪ್ಪಲಿಯ ಅಳತೆಯಂತೆ. ಇಷ್ಟನ್ನೂ ಮಾಡದೆ ಬೆಳಗ್ಗೆ ಕರೆದು ಮಧ್ಯಾಹ್ನ ಆಪರೇಷನ್ ಮಾಡುತ್ತೇವೆ ಎನ್ನುವವರ ಬಳಿ ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು.

ಪೊರೆ ಮೆತ್ತಗಿದ್ದಾಗಲೇ ಬಂದಿದ್ದರೆ ಮೂರು ಮಿಲಿಮೀಟರಿಗಿಂತ ಚಿಕ್ಕ ತೂತಿನಿಂದ, ಧ್ವನಿ ಅಲೆಗಳ ಯಂತ್ರದಿಂದ ಅದನ್ನು ಪುಡಿಮಾಡಿ ಹೀರಿ ತೆಗೆಯಬಹುದಿತ್ತು. ದಾದಿಯದು ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಅದನ್ನು ಪುಡಿಮಾಡಲು ಬೇಕಾಗುವ ಶಕ್ತಿ ಕರಿಗುಡ್ಡೆಗೆ ಹಾನಿ ಮಾಡಬಹುದು ಎಂದು ಆರು ಮಿಲಿಮೀಟರಿನಷ್ಟು ಅಗಲದ ಸುರಂಗ ಮಾಡಿ ಇಡಿಯಾಗಿ ತೆಗೆಯುವುದೆಂದು ಡಾಕ್ಟರಮ್ಮ ನಿರ್ಧರಿಸಿದರು. ಅದೂ ಒಳ್ಳೆಯ ವಿಧಾನವೇ. ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ.

ಹಿಂದಿನ ರಾತ್ರಿ ದಾದಿ ನನ್ನನ್ನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು, “ಇದೂ ಹ್ವಾದ್ರ?” ಹಾಗಾಗುವುದೇ ಇಲ್ಲ ಎಂದು ನಾನು ಹೇಳಲಿಲ್ಲ. ಅಪರೂಪಕ್ಕೆ ಸೋಂಕು ಆಗಬಹುದು, ಆದರೆ ಆಪರೇಷನ್ ಮಾಡದೆ ಬಿಟ್ಟರೆ ಬಲಗಣ್ಣಿಗೆ ಆದದ್ದು ಇದಕ್ಕೂ ಆಗಬಹುದು, ಎರಡರಲ್ಲಿ ಇದೇ ಸಣ್ಣ ಭಯ ಎಂದೆ. “ಸರಿ, ಅಲ್ಲಾಹನ ಮ್ಯಾಲೆ ಭರೋಸಾ” ಎಂದರು.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರು. ದಾದಿ ಎಚ್ಚರವಾಗಿಯೇ ಇದ್ದರು, ತುಟಿ ಅಲುಗಾಡಿಸುತ್ತಾ ದುರೂದ್ ಓದುತ್ತಿದ್ದರಂತೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಉಸುಕಿನ ಚೀಲ ಎಲ್ಲಿ ಎಂದು ಕೇಳಿ ನರ್ಸನ್ನು ನಗಿಸಿದರು.

ಪಟ್ಟಿ ಬಿಚ್ಚಿದ ದಿನ

ಸಿನಿಮಾದಲ್ಲಿ ಪಟ್ಟಿ ಬಿಚ್ಚಿದ ಕೂಡಲೇ ಎಲ್ಲವೂ ಕಾಣುತ್ತದೆ. ಮರುದಿನ ಪಟ್ಟಿ ಬಿಚ್ಚಿದಾಗ ಸಾನಿಯಾ ಹೊಸ ಫ್ರಾಕ್ ಹಾಕಿಕೊಂಡು ಎದುರಿಗೇ ನಿಂತಿದ್ದಳು. ದಾದಿ ರೆಪ್ಪೆ ಬಡಿದರು. “ಬೆಳಕು ಭಾಳ ಐತಿ. ಎಲ್ಲಾ ಮಂಜು” ಎಂದರು. ಆಮೇಲೆ ಗೋಡೆ ಕಡೆ ತಿರುಗಿ, “ಇದೂ ಹೋತು” ಎಂದರು.

ಹೋಗಿರಲಿಲ್ಲ. ಗಟ್ಟಿ ಪೊರೆಯನ್ನು ಹೊರಗೆ ತರುವಾಗ ಕಣ್ಣಿನ ಮುಂದಿನ ಪಾರದರ್ಶಕ ಪದರ ಸ್ವಲ್ಪ ಊದಿಕೊಳ್ಳುತ್ತದೆ. ಊತ ಇಳಿಯಲು ಕೆಲವು ದಿನ ಬೇಕು. ಬೇಗ ಬಂದವರಿಗೆ ಎಷ್ಟೋ ಸಲ ಮರುದಿನವೇ ಸಿಗುವ ದೃಷ್ಟಿ, ತಡಮಾಡಿದವರಿಗೆ ವಾರ, ಎರಡು ವಾರ ಕಾಯಿಸುತ್ತದೆ. ಗಾಬರಿಯಾಗಬೇಕಾದದ್ದು ಇದಕ್ಕಲ್ಲ. ದಿನದಿಂದ ದಿನಕ್ಕೆ ತಿಳಿಯಾಗಬೇಕಾದ ಕಣ್ಣು ಮೊದಲ ವಾರದಲ್ಲಿ ಮತ್ತೆ ಮಸುಕಾಗುತ್ತಾ ಬಂದರೆ, ನೋವು ಹೆಚ್ಚಾದರೆ, ಕೆಂಪು ಏರಿದರೆ, ಆಗ ಒಂದು ರಾತ್ರಿಯನ್ನೂ ಕಳೆಯದೆ ಆಪರೇಷನ್ ಮಾಡಿದಲ್ಲಿಗೇ ಓಡಬೇಕು. ಅದು ಸೋಂಕಿರಬಹುದು.

ಮನೆಯವರು ಮೆಣಸಿನಕಾಯಿ ಚೀಲಗಳನ್ನೆಲ್ಲ ಒಂದು ತಿಂಗಳ ಮಟ್ಟಿಗೆ ಪಕ್ಕದ ಮನೆಗೆ ಸಾಗಿಸಿದರು. ಹನಿ ಹಾಕುವ ಕೆಲಸ ಸಾನಿಯಾಳದು. ಕೈಯನ್ನು ಸಾಬೂನಿನಿಂದ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಸೀಸೆಯ ಮೂತಿ ಕಣ್ಣಿಗೆ ತಾಗದಂತೆ ಒಂದೇ ಹನಿ. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರವಾರ ಒಂದೊಂದು ಕಡಿಮೆ, ಒಟ್ಟು ಆರು ವಾರ. ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಗೀಟು ಹಾಕುತ್ತಿದ್ದಳು. ಕಣ್ಣಿಗೆ ನೀರು ತಾಗಬಾರದು, ತಲೆ ಕೆಳಗೆ ಬಗ್ಗಿಸಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ದಾದಿಗೆ ದೊಡ್ಡ ಚಿಂತೆ ನಮಾಝಿನದು. ಮಗ ಮಸೀದಿಯ ಇಮಾಮರನ್ನು ಕೇಳಿಕೊಂಡು ಬಂದ. ಸಜ್ದಾಗೆ ಬಗ್ಗದೆ ಕುರ್ಚಿಯ ಮೇಲೆ ಕೂತು ಇಶಾರೆಯಿಂದ ಮಾಡಲು, ವುಝೂವಿನಲ್ಲಿ ಕಣ್ಣಿಗೆ ನೀರು ತಾಗದಂತೆ ಹೇಗೆ ಎಂದು ಅವರು ಹೇಳಿಕೊಟ್ಟರು. ದೀನ್ ಕೊಟ್ಟ ಈ ರಿಯಾಯಿತಿ ಗೊತ್ತಿಲ್ಲದೆ ಎಷ್ಟೋ ಹಿರಿಯರು ನಮಾಝ್ ತಪ್ಪುತ್ತದೆಂದು ಆಪರೇಷನ್ನನ್ನೇ ಮುಂದೂಡುತ್ತಾರೆ. ನಿಮ್ಮ ಇಮಾಮರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಒಂಬತ್ತನೇ ದಿನ ಬೆಳಗ್ಗೆ ಸಾನಿಯಾ ಎಂದಿನಂತೆ ಹನಿ ಹಾಕಲು ಬಂದಳು. ಶಾಲೆಗೆ ಹೊತ್ತಾಗಿತ್ತು, ‘ದಾದಿ, ನಾನು’ ಎಂದು ಹೇಳುವುದನ್ನು ಮರೆತಿದ್ದಳು. ಕಿಟಕಿಯ ಬೆಳಕು ಅವಳ ಮುಖದ ಮೇಲಿತ್ತು. ಸೀಸೆಯ ಮುಚ್ಚಳ ತಿರುಗಿಸುತ್ತಿದ್ದವಳ ಗದ್ದವನ್ನು ದಾದಿ ಹಿಡಿದು ನಿಲ್ಲಿಸಿದರು.

“ನಿನ್ನ ಮುಂದಿನ ಹಲ್ಲಿನ ನಡುವ ಸಂದು ಐತಲ್ಲ” ಎಂದರು. “ನಿಮ್ಮಪ್ಪಂಗೂ ಸಣ್ಣಾಂವ ಇದ್ದಾಗ ಹಿಂಗ ಇತ್ತು.”

ಹುಡುಗಿ ಅಲುಗಾಡಲಿಲ್ಲ. ದಾದಿ ಕೈಯಿಂದ ಮುಟ್ಟಲಿಲ್ಲ, ಬರೀ ನೋಡಿದರು. ಹುಬ್ಬಿನ ಹತ್ತಿರದ ಸಣ್ಣ ಗಾಯದ ಗುರುತು ಯಾವಾಗಿನದು ಎಂದು ಕೇಳಿದರು. ಎರಡು ವರ್ಷದ ಹಿಂದೆ ಸೈಕಲ್ ಮೇಲಿಂದ ಬಿದ್ದದ್ದು, ನಿಮಗೆ ಗಾಬರಿಯಾಗುತ್ತದೆಂದು ಹೇಳಲಿಲ್ಲ ಎಂದು ಸೊಸೆ ಒಳಗಿನಿಂದ ಹೇಳಿದರು. ಕಿವಿಯಲ್ಲಿ ಬಾಲಿ ಇತ್ತು, ಅದು ತಾವೇ ಕೊಟ್ಟದ್ದು, ಹಾಕಿದ್ದನ್ನು ಈಗಲೇ ನೋಡುವುದು. ಆ ದಿನ ಸಾನಿಯಾ ಶಾಲೆಗೆ ಹೋಗಲಿಲ್ಲ.

ದಾದಿ ತಂದ ಹೊಸ ರೋಗಿ

ಆರು ವಾರ ಮುಗಿದು ಓದಲು ಕನ್ನಡಕ ಬಂದ ಮೇಲೆ ದಾದಿ ನನ್ನ ದವಾಖಾನೆಗೆ ಬಂದರು. ಪಾನ್‌ದಾನ್ ತೆರೆದು, ಸುಣ್ಣ ಮೆತ್ತಿದ ಮೂರೂ ಚೀಟಿಗಳನ್ನು ಮೇಜಿನ ಮೇಲೆ ಇಟ್ಟರು.

“ಮೊದಲನೇದಕ್ಕ ಹೋಗಿದ್ರ ಎರಡೂ ಕಣ್ಣು ಇರ್ತಿದ್ವು” ಎಂದರು. “ಇದನ್ನ ಬರೀರಿ. ನನ್ನಂಥಾವ್ರು ಮನಿಮನ್ಯಾಗ ಅದಾರ.”

ಅವರ ಅಪ್ಪಣೆಯಂತೆ ಬರೆದಿದ್ದೇನೆ. ನಿಮ್ಮ ಮನೆಯ ದಾದಿಯೋ ನಾನಿಯೋ ದಾದಾನೋ ಎಷ್ಟು ಕಾಣುತ್ತಾರೆಂದು ಅವರ ಬಾಯಿಂದ ಕೇಳಬೇಡಿ, ಎಲ್ಲರೂ ಚೆನ್ನಾಗಿ ಕಾಣುತ್ತದೆ ಎಂದೇ ಹೇಳುತ್ತಾರೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಮೂರು ಮೀಟರ್ ದೂರ ನಿಂತು, ಮಾತಾಡದೆ ಬೆರಳು ತೋರಿಸಿ ಎಣಿಸಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದೇ ನೋಡಿದರೆ ಕೆಟ್ಟ ಕಣ್ಣನ್ನು ಒಳ್ಳೆಯದು ಮುಚ್ಚಿಟ್ಟುಕೊಳ್ಳುತ್ತದೆ. ಎಣಿಸಲು ತಡವರಿಸಿದರೆ ಕಣ್ಣಿನ ಡಾಕ್ಟರರ ಬಳಿ ಹೋಗುವ ಹೊತ್ತು ದಾಟಿಯೇ ಇದೆ. ಸರಿಯಾಗಿ ಎಣಿಸಿದರೂ ಬೀದಿಯಲ್ಲಿ ಗುರುತು ಸಿಗದಿದ್ದರೆ, ರಾತ್ರಿ ದೀಪ ಒಡೆದಂತೆ ಕಂಡರೆ ತೋರಿಸಿಯೇ ಬಿಡಿ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 1976ರಿಂದ ನಡೆಯುತ್ತಿರುವ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳು ಪೊರೆಯ ಆಪರೇಷನ್ನನ್ನು ಉಚಿತವಾಗಿ ಮಾಡುತ್ತವೆ.

ಚೀಟಿಗಳನ್ನು ಕೊಟ್ಟ ಮೇಲೂ ದಾದಿ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಾನಿಯಾಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದರು.

“ಈ ಹುಡುಗಿ ಗೋಡಿ ಮೇಲಿನ ಕ್ಯಾಲೆಂಡರ್ ನೋಡುವಾಗ ಕಣ್ಣು ಕಿರಿದು ಮಾಡ್ತಾಳ. ನಾ ಮೂರು ದಿನದಿಂದ ನೋಡಾಕತ್ತೀನಿ. ಮನ್ಯಾಗ ಎರಡು ಕಣ್ಣು ಇದ್ದಾವ್ರು ಯಾರೂ ನೋಡಿಲ್ಲ.”

ಸಾನಿಯಾಳ ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದೆ. ನಾಲ್ಕನೇ ಸಾಲಿಗೆ ನಿಂತುಬಿಟ್ಟಳು. ಕನ್ನಡಕ ಬೇಕಾಗಬಹುದು ಎಂದು ಹೇಳಿ ಚೀಟಿ ಬರೆದೆ. ಕೊಡಲು ಕೈ ಚಾಚಿದಾಗ ದಾದಿ ಪಾನ್‌ದಾನಿನ ಮುಚ್ಚಳ ಹಾಕಿ, ಚೀಟಿಯನ್ನು ಮಡಿಸದೆ ಕೈಯಲ್ಲೇ ಹಿಡಿದುಕೊಂಡು ಎದ್ದರು.

“ಹುಬ್ಬಳ್ಳಿ ಬಸ್ಸು ಎಷ್ಟೊತ್ತಿಗೈತಿ?” ಎಂದು ಕೇಳಿದರು.